ಎಲ್‌ಕೆಜಿ ಗೋಡೆ ಚಾರ್ಟು: ಅಕ್ಷರಕ್ಕೊಂದು ಪದ ಹುಡುಕ್ತಿದ್ದೀನಿ, ‘ಈ’ಗೆ ಈರುಳ್ಳಿ ಹಾಕಬಹುದಾ?

ಶಿಶುವಿಹಾರದ ಟೀಚರ್ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆ ಒಂದು ಸಣ್ಣ ಊರಿನ ಕನ್ನಡ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳನ್ನ ನೋಡ್ಕೊಳ್ತೀನಿ. ಗೋಡೆ ಮೇಲಿನ ವರ್ಣಮಾಲೆ ಚಾರ್ಟು ಹರಿದುಹೋಗಿದೆ, ಹೊಸದು ಮಾಡಿಸ್ಬೇಕು. ಪೇಟೆಯಿಂದ ಒಂದು ತಂದೆ. ಹಾಕೋ ಮುಂಚೆ ಯಾಕೋ ಅನುಮಾನ ಬಂದು ಒಂದು ಕೆಲಸ ಮಾಡಿದೆ. ಅಕ್ಷರ, ಪದ ಎರಡನ್ನೂ ಕಾಗದ ಅಂಟಿಸಿ ಮುಚ್ಚಿ, ಬರೀ ಚಿತ್ರ ಕಾಣೋ ಹಾಗೆ ಬಿಟ್ಟು, ಮಕ್ಕಳನ್ನ ಒಬ್ಬೊಬ್ಬರಾಗಿ ಕರೆದು ‘ಇದೇನು ಪುಟ್ಟಾ?’ ಅಂತ ಕೇಳಿದೆ. 22 ಮಕ್ಕಳು. ಅವರು ಮೊದಲು ಏನು ಹೇಳಿದ್ರೋ ಅದನ್ನೇ ನೋಟ್‌ಬುಕ್ಕಲ್ಲಿ ಬರ್ಕೊಂಡೆ.

ಅರಸನ ಚಿತ್ರಕ್ಕೆ ಎಲ್ಲರೂ ‘ರಾಜ’. ಕಮಲಕ್ಕೆ ‘ಹೂವು’. ಉಡಕ್ಕೆ ‘ಹಲ್ಲಿ’, ಇಬ್ಬರು ‘ಮೊಸಳೆ’, ಒಬ್ಬ ‘ಡೈನೋಸಾರ್’. ಋಷಿಗೆ ‘ಅಜ್ಜ’. ಫಲಕ್ಕೆ ‘ಮಾವಿನಹಣ್ಣು’. ಐರಾವತಕ್ಕೆ ‘ಬಿಳೀ ಆನೆ’. ಠಸ್ಸೆಗೆ ಒಬ್ಬರೂ ಬಾಯಿ ಬಿಡಲಿಲ್ಲ. ಕಾಗದ ತೆಗೆದ ಮೇಲೆ ಒಂದು ಹುಡುಗಿ ಕೋಲು ಹಿಡ್ಕೊಂಡು ಜೋರಾಗಿ ಓದಿದ್ಲು ನೋಡಿ: ‘ಅ… ರಾಜ! ಕ… ಹೂವು!’ ನಗು ಬಂತು, ಆಮೇಲೆ ತಲೆಬಿಸಿ ಆಯ್ತು.

ಅದಕ್ಕೇ ನಾನೇ ಪಟ್ಟಿ ಮಾಡ್ತಿದ್ದೀನಿ. ಚಿತ್ರ ನೋಡಿದ ತಕ್ಷಣ ಮಗುವಿನ ಬಾಯಿಂದ ಅದೇ ಪದ ಬರಬೇಕು, ಅಷ್ಟೇ ನನ್ನ ಲೆಕ್ಕ. ಆನೆ, ಇಲಿ, ಎಲೆ, ಒಂಟೆ, ಮರ, ಜಡೆ, ಚಮಚ ಇವೆಲ್ಲ ಪಾಸು. ‘ಈ’ಗೆ ಈಶ ಬೇಡ, ಈಚಲ ಮರ ಹಾಕಿದ್ರೆ ತೆಂಗಿನ ಮರ ಅಂತಾರೆ. ಈರುಳ್ಳಿ ಹಾಕೋಣ ಅಂತಿದ್ದೀನಿ, 22ಕ್ಕೆ 22 ಮಕ್ಕಳೂ ಹೇಳಿದ್ರು. ಆದ್ರೆ ಮಹಾಪ್ರಾಣಗಳು, ಙ, ಞ, ಣ, ಳ, ಷ ಇವಕ್ಕೆ ಏನು ಮಾಡೋದು? ಡಿಟಿಪಿ ಅಂಗಡಿಗೆ ಶುಕ್ರವಾರದೊಳಗೆ ಕೊಡಬೇಕು.

ಧಾರವಾಡ ಫೇಡೆ

ಟೀಚರ್, ನಿಮ್ಮ ಪರೀಕ್ಷೆ ಭಾಳ ಛಲೋ ಅದ. ಆದ್ರ ಈರುಳ್ಳಿ ಚಿತ್ರ ನಮ್ಮ ಸಾಲ್ಯಾಗ ಇಟ್ರ ಹುಡುಗ್ರು ಒಂದ ದನೀಲೆ ‘ಉಳ್ಳಾಗಡ್ಡಿ’ ಅಂತಾವ್ರೀ. ‘ಈ’ಗೆ ಇಟ್ಟ ಚಿತ್ರ ‘ಉ’ಕ್ಕ ಹೋಗಿ ಕುಂತಿರ್ತದ.

ಕಡಲತಡಿ

ನಮ್ಮಲ್ಲಿ ಅದು ನೀರುಳ್ಳಿ ಮಾರಾಯ್ರೆ! ‘ನೀ’ಗೆ ಹೋಯ್ತು. ಒಂದು ಗಡ್ಡೆ, ಮೂರು ಅಕ್ಷರ.

ಶಿಶುವಿಹಾರದ ಟೀಚರ್

ಅಯ್ಯೋ, ಇದು ಹೊಳೆದೇ ಇರಲಿಲ್ಲ. ನಮ್ಮ ಕ್ಲಾಸಿಗೆ ಈರುಳ್ಳಿ ಸರಿ. ಆದ್ರೆ ನಮ್ಮೂರಲ್ಲಿ ಕಲ್ಲು ಕ್ವಾರಿ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದ ಕುಟುಂಬಗಳಿವೆ, ಬರೋ ವರ್ಷ ಅವರ ಮಕ್ಕಳು ಸೇರ್ತಾರೆ. ಚಾರ್ಟು ಒಂದು ವರ್ಷಕ್ಕೆ ಮಾಡಿಸೋದಲ್ವಲ್ಲ.

ಹಳೇ ಮೇಷ್ಟ್ರು

ಮೂವತ್ತೆರಡು ವರ್ಷ ಒಂದನೇ ತರಗತಿಗೆ ಪಾಠ ಮಾಡಿ ನಿವೃತ್ತನಾದವನು ನಾನು. ಟೀಚರಮ್ಮ, ನಿಮ್ಮ ಪರೀಕ್ಷೆಯನ್ನು ಒಂದು ಹೆಜ್ಜೆ ಮುಂದೆ ಒಯ್ಯಿರಿ. ಚಿತ್ರಕ್ಕೆ ಮಗು ಹೇಳುವ ಪದ ಬೇರೆಯಾದರೂ ಮೊದಲ ಅಕ್ಷರ ಅದೇ ಉಳಿಯುತ್ತದೆಯೇ, ಅದನ್ನು ನೋಡಿ. ಒಂದು ಹುಡುಗ ಓಡುತ್ತಿರುವ ಚಿತ್ರ ಬರೆಸಿ ‘ಓಟ’ ಎಂದು ಬರೆಯಿರಿ. ಮಗು ‘ಓಟ’ ಅನ್ನುವುದಿಲ್ಲ, ‘ಓಡ್ತಾ ಇದಾನೆ’ ಅನ್ನುತ್ತದೆ. ಅನ್ನಲಿ ಬಿಡಿ, ‘ಓ’ ಬಂತಲ್ಲ! ಹಾಗೆಯೇ ಊಟ. ತಟ್ಟೆಯ ಚಿತ್ರ ಹಾಕಿದರೆ ‘ಅನ್ನ’ ಅನ್ನುತ್ತಾರೆ. ಬಾಳೆಲೆ ಮುಂದೆ ಕೂತು ತುತ್ತು ಎತ್ತುತ್ತಿರುವ ಮಗುವನ್ನು ಹಾಕಿದರೆ ‘ಊಟ ಮಾಡ್ತಿದೆ’. ‘ಈ’ಗೂ ಇದೇ ದಾರಿ: ಕೆರೆಯಲ್ಲಿ ಈಜುವ ಹುಡುಗ. ‘ಈಜ್ತಾವನೆ’ ಅಂದರೂ ಸರಿ, ‘ಈಜು’ ಅಂದರೂ ಸರಿ, ಧಾರವಾಡದವರು ‘ಈಸ್ತಾನ’ ಅಂದರೂ ‘ಈ’ ಉಳಿಯುತ್ತದೆ. ಆದರೆ ನೀರು ಕಡಿಮೆ ಬರೆಸಿ, ಕೈಕಾಲು ದೊಡ್ಡದಾಗಿ ಕಾಣಲಿ. ಇಲ್ಲವಾದರೆ ಮಗು ‘ನೀರು’ ಎಂದುಬಿಡುತ್ತದೆ.

ಇನ್ನೊಂದು ಮಾತು. ನೀವು ಮರ, ಜಡೆ, ಚಮಚ ಪಾಸಾದವು ಅಂದಿರಿ. ಅವು ಪಾಸಾಗಲು ಇನ್ನೊಂದು ಕಾರಣವೂ ಇದೆ. ಮೂರರಲ್ಲೂ ಮೊದಲ ಅಕ್ಷರಕ್ಕೆ ಕಾಗುಣಿತ ಇಲ್ಲ. ಪೇಟೆ ಚಾರ್ಟಿನಲ್ಲಿ ‘ಜ’ಗೆ ಜಿಂಕೆ, ‘ಲ’ಗೆ ಲೋಟ, ‘ಗ’ಗೆ ಗಿಣಿ ಇರುತ್ತದೆ. ಮಗು ಮೇಲೆ ‘ಗ’ ನೋಡುತ್ತದೆ, ಕೆಳಗಿನ ಪದದಲ್ಲಿ ‘ಗಿ’ ನೋಡುತ್ತದೆ. ಎರಡರ ಆಕಾರವೂ ಬೇರೆ, ಉಚ್ಚಾರವೂ ಬೇರೆ. ಇಂಗ್ಲಿಷಿನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಅಕ್ಷರ ಎಲ್ಲಿ ಕೂತರೂ ಅದೇ ರೂಪ. ನಮ್ಮಲ್ಲಿ ತಲೆಕಟ್ಟು ಕಿತ್ತು ಗುಡಿಸು ಹಾಕಿದರೆ ಐದು ವರ್ಷದ ಮಗುವಿಗೆ ಅದು ಹೊಸ ಅಕ್ಷರವೇ.

ಅವಳಿ ಮಕ್ಕಳ ಅಮ್ಮ

ಝ ಅಕ್ಷರದಿಂದ ಹೆಣ್ಣು ಮಗುವಿಗೆ ಚಿಕ್ಕದಾಗಿ ಮುದ್ದಾಗಿ ಹೆಸರು ಹೇಳಿ ಪ್ಲೀಸ್. ಜಾತಕದಲ್ಲಿ ಝ ಅಥವಾ ಥ ಬಂದಿದೆ. ಒಬ್ಬಳಿಗೆ ಸಿಕ್ಕಿದೆ, ಇನ್ನೊಬ್ಬಳಿಗೆ ಸಿಕ್ತಿಲ್ಲ.

ಡಿಟಿಪಿ ಅಂಗಡಿ

ಮೇಡಂ, ಇಲ್ಲಿ ಹೆಸರಿಡ್ತಿಲ್ಲ, ಚಾರ್ಟು ಮಾಡ್ತಿದ್ದಾರೆ 😀 ಅವರಿಗೂ ಅದೇ ಎರಡು ಅಕ್ಷರ ಸಿಕ್ತಿಲ್ಲ.

ನನ್ನ ಕಡೆಯಿಂದ ಒಂದು. ನಾನು ಇಂಥ ಚಾರ್ಟು ವರ್ಷಕ್ಕೆ ಹತ್ತಾರು ಪ್ರಿಂಟ್ ಹಾಕ್ತೀನಿ. ಸ್ವರ 13, ಅಂ ಅಃ ಸೇರಿ 15, ವ್ಯಂಜನ 34, ಒಟ್ಟು 49. ಎಲ್ಲರೂ ಏಳಕ್ಕೇಳು ಚೌಕ ಮಾಡ್ಕೊಡಿ, ಲಕ್ಷಣವಾಗಿ ಕೂರುತ್ತೆ ಅಂತಾರೆ. ಕೂರುತ್ತೆ ನಿಜ, ಆದ್ರೆ ಚ ಛ ಜ ಝ ಞ ಒಂದು ಸಾಲಲ್ಲಿ ಬರಲ್ಲ, ಮುರಿದು ಮುಂದಿನ ಸಾಲಿಗೆ ಬೀಳುತ್ತೆ. ಸ್ವರ ಬೇರೆ ಶೀಟು, ವ್ಯಂಜನ ಬೇರೆ ಶೀಟು ಮಾಡ್ಸಿ. ವ್ಯಂಜನಕ್ಕೆ ಸಾಲಿಗೆ ಐದು. ಪದದಲ್ಲಿ ಕಲಿಸೋ ಅಕ್ಷರಕ್ಕೆ ಮಾತ್ರ ಕೆಂಪು ಬಣ್ಣ, ಉಳಿದದ್ದು ಕಪ್ಪು. ಕೆಂಪು ಹಾಕುವಾಗ ಒತ್ತು ಇರೋ ಪದ ಕೊಟ್ರೆ ನನಗೆ ಕಷ್ಟ, ‘ಧ್ವಜ’ದಲ್ಲಿ ಧ-ಗೆ ಮಾತ್ರ ಬಣ್ಣ ಹಾಕೋಕೆ ಹೋದ್ರೆ ವ ಒತ್ತೂ ಕೆಂಪಾಗುತ್ತೆ. ಸಾಫ್ಟ್‌ವೇರ್ ಎರಡನ್ನೂ ಒಂದೇ ಅಂತ ನೋಡುತ್ತೆ.

ಬರಹ ಸುಲಭ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ? ಮಹಾಪ್ರಾಣ ಕನ್ನಡದ್ದೇ ಅಲ್ಲ. ಕನ್ನಡಿಗರ ಬಾಯಲ್ಲಿ ಖ ಘ ಛ ಝ ಬರೋದೇ ಇಲ್ಲ, ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬರಹದಿಂದಲೇ ಇವನ್ನ ಬಿಡಬೇಕು ಅಂದಿದ್ದಾರೆ. ಷ, ಋ, ಐ, ಔ ಕೂಡ ಬೇಡ. ಎಲ್ಲ ತೆಗೆದುಹಾಕಿ, ಚಾರ್ಟು ಅರ್ಧ ಆಗುತ್ತೆ, ಮಕ್ಕಳೂ ಖುಷಿ. ಅಂದಹಾಗೆ ಟ, ಡ ಕೂಡ ಕನ್ನಡ ಪದದ ಮೊದಲಲ್ಲಿ ಬರಲ್ಲ, ಅವನ್ನೂ ಬಿಡಿ.

ಹಳೇ ಮೇಷ್ಟ್ರು

ಅರ್ಧ ಸರಿ ಹೇಳಿದಿರಿ. ಭಟ್ಟರು ಆ ವಾದ ಮಾಡಿದ್ದು ನಿಜ, ಹಳ್ಳಿ ಬಾಯಿಯಲ್ಲಿ ‘ಖಾರ’ ‘ಕಾರ’ವಾಗುವುದೂ ನಿಜ. ಆದರೆ ಈ ಟೀಚರ ಮಕ್ಕಳು ಮುಂದಿನ ವರ್ಷ ತೆರೆಯುವ ಪಾಠಪುಸ್ತಕದಲ್ಲಿ ಆ ಅಕ್ಷರಗಳೆಲ್ಲ ಇವೆ. ಅದಕ್ಕಿಂತ ಮೊದಲು ಹಾಜರಿ ಪುಸ್ತಕ ನೋಡಿ: ಭವ್ಯ, ಧನುಷ್, ಐಶ್ವರ್ಯ, ಹರ್ಷ. ತನ್ನ ಹೆಸರಿನ ಅಕ್ಷರವೇ ಗೋಡೆ ಮೇಲೆ ಇಲ್ಲದಿದ್ದರೆ ಮಗು ಸುಮ್ಮನಿರುತ್ತದೆಯೇ?

ಟಕಾರದ ಮಾತೂ ಅರ್ಧ ಸರಿ. ಕನ್ನಡದಲ್ಲಿ ಹಾಗೆ ಶುರುವಾಗುವ ಪದ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಹಳಗನ್ನಡದಲ್ಲಿ ‘ತಗರ್’ ಇದ್ದದ್ದು ಈಗ ‘ಟಗರು’ ಆಗಿದೆ. ಅಪ್ಪಟ ನಮ್ಮದೇ, ಕಾಗುಣಿತವಿಲ್ಲದ ಟ. ಸುರುಳಿ ಕೊಂಬು ದೊಡ್ಡದಾಗಿ ಬರೆಸಿದರೆ ನಿಮ್ಮ ಕಡೆಯ ಮಗು ‘ಕುರಿ’ ಅನ್ನುವುದಿಲ್ಲ.

ಶಿಶುವಿಹಾರದ ಟೀಚರ್

ಮೇಷ್ಟ್ರೇ, ನೀವು ಹಾಜರಿ ಪುಸ್ತಕ ಅಂದ್ರಲ್ಲ, ನಮ್ಮ ಕ್ಲಾಸಲ್ಲಿ ನಿಜವಾಗ್ಲೂ ಒಬ್ಬ ಧನುಷ್ ಇದ್ದಾನೆ. ಅವನ ಹೆಸರಲ್ಲೇ ಬಿಲ್ಲು ಇದೆ, ‘ಧ’ಗೆ ಧನುಸ್ಸು ಅಂತ ಅವನ ಕೈಗೆ ಬಿಲ್ಲು ಕೊಟ್ಟು ಫೋಟೋ ತೆಗೆದು ಹಾಕಿಬಿಡೋಣ ಅನ್ನಿಸ್ತು. ಆದ್ರೆ ಉಳಿದ ಮಕ್ಕಳು ‘ಬಿಲ್ಲು ಬಾಣ’ ಅಂತಾರೆ. ಹಾಗಾದ್ರೆ ಅದೇ ಚಿತ್ರ ‘ಣ’ಗೆ?

ಹಳೇ ಮೇಷ್ಟ್ರು

ಅಲ್ಲಿಗೇ ಬಂದಿರಿ. ಙ, ಞ, ಣ, ಳ ಈ ನಾಲ್ಕರಿಂದ ಕನ್ನಡದಲ್ಲಿ ಪದ ಶುರುವಾಗುವುದಿಲ್ಲ. ಹುಡುಕಿ ಪ್ರಯೋಜನವಿಲ್ಲ. ಪದದ ಒಳಗೆ ಅಕ್ಷರ ಎಲ್ಲಿದೆಯೋ ಅಲ್ಲಿ ಕೆಂಪು ಬಣ್ಣ ಹಾಕಿಸಿ. ‘ಬಾಣ’ ಅಡ್ಡಿಯಿಲ್ಲ. ಇನ್ನೂ ಸುಲಭದ್ದು ‘ಹಣ’. ಎರಡೇ ಅಕ್ಷರ, ಎರಡಕ್ಕೂ ಕಾಗುಣಿತವಿಲ್ಲ.

ಧಾರವಾಡ ಫೇಡೆ

ಹಣಕ್ಕ ನಮ್ಮ ಹುಡುಗ್ರು ರೊಕ್ಕ ಅಂತಾವ್ರೀ ಮೇಷ್ಟ್ರ. ನಿಮ್ಮ ಹುಡುಗ್ರೂ ‘ದುಡ್ಡು’ ಅಂತಾರ, ಕೇಳಿ ನೋಡ್ರಿ. ಬಾಣನ ಇರ್ಲಿ.

‘ಳ’ಕ್ಕ ನಂದೊಂದು ಸೂಚನಾ. ನೀವು ನಲ್ಲಿ ಅಂತೀರಲ್ಲ, ಅದಕ್ಕ ನಾವು ‘ನಳ’ ಅಂತೀವಿ. ಒತ್ತಿಲ್ಲ, ಗುಣಿತ ಇಲ್ಲ. ‘ನ’ನೂ ಆತು, ‘ಳ’ನೂ ಆತು. ದಿನಾ ನೀರು ಹಿಡಿಯೋ ಸಾಮಾನು, ಯಾವ ಕೂಸಿಗೂ ಗೊತ್ತಿರ್ತದ.

ಶಿಶುವಿಹಾರದ ಟೀಚರ್

ನಿಮ್ಮ ಕಡೆಗೆ ಬಂಗಾರದಂಥ ಪದ ಸರ್. ನಮ್ಮಲ್ಲಿ ನಳ ಅಂದ್ರೆ ನಳಮಹಾರಾಜನೇ! ನಮಗೆ ‘ಬಳಪ’ ಹೇಗೆ? ಇನ್ನೂ ಸ್ಲೇಟು ಬಳಪ ಬಳಸ್ತೀವಿ, ದಿನಾ ಯಾರಾದ್ರೂ ಒಬ್ರು ‘ಮಿಸ್, ಅವ್ನು ನನ್ನ ಬಳಪ ಮುರಿದ’ ಅಂತ ಬರ್ತಾರೆ. ‘ಕೊಳಲು’ ಕೂಡ ಕೇಳಿ ನೋಡಿದೆ, ಹದಿನೈದು ಮಕ್ಕಳು ಕೊಳಲು ಅಂದ್ರು, ಉಳಿದವರು ಕೃಷ್ಣ ಅಂದ್ರು.

ನ್ಯೂಜೆರ್ಸಿ ಅಮ್ಮ

ತಡವಾಗಿ ಬರ್ತಿದ್ದೀನಿ. ನಾವು ಇಲ್ಲಿ ನಾಲ್ಕು ಮನೆಯವರು ಸೇರಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡ್ತೀವಿ. ಊರಿಂದ ತಂದ ಚಾರ್ಟು ಇದೆ. ನನ್ನ ಮಗ ‘ವ’ಗೆ ವಡೆ ನೋಡಿ ‘ಡೋನಟ್’ ಅಂದ. ಒನಕೆಗೆ ‘ಬೇಸ್‌ಬಾಲ್ ಬ್ಯಾಟ್’. ಇಲ್ಲಿ ನಿಮ್ಮ ನಿಯಮ ಇಟ್ರೆ ನನಗೆ ಒಂದು ಪದವೂ ಉಳಿಯಲ್ಲ, ಯಾಕಂದ್ರೆ ಚಿತ್ರ ನೋಡಿದ ತಕ್ಷಣ ಅವರಿಗೆ ಬರೋದು ಇಂಗ್ಲಿಷೇ.

ಹಳೇ ಮೇಷ್ಟ್ರು

ತಾಯಿ, ನಿಮ್ಮ ಮಕ್ಕಳಿಗೆ ಚಾರ್ಟಿನ ಕೆಲಸವೇ ಬೇರೆ. ಇವರ ಮಕ್ಕಳಿಗೆ ಪದ ಗೊತ್ತು, ಅಕ್ಷರ ಗೊತ್ತಿಲ್ಲ. ಗೊತ್ತಿರುವ ಪದ ಹಿಡಿದು ಗೊತ್ತಿಲ್ಲದ ಅಕ್ಷರಕ್ಕೆ ಹೋಗುತ್ತಾರೆ. ನಿಮ್ಮ ಮಕ್ಕಳಿಗೆ ಎರಡೂ ಹೊಸದು. ಅವರಿಗೆ ಮನೆಯಲ್ಲಿ ನೀವು ಕನ್ನಡದಲ್ಲೇ ಹೆಸರಿಡುವ ಸಾಮಾನಿನಿಂದ ಶುರು ಮಾಡಿ: ತಟ್ಟೆ, ಮೊಸರು, ಬಳೆ, ಅಜ್ಜಿ. ವಡೆ ಚಿತ್ರ ನೋಡಿ ಡೋನಟ್ ಅಂದರೆ ಚಿತ್ರದ ತಪ್ಪಲ್ಲ, ಚಾರ್ಟಿಗಿಂತ ಮುಂಚೆ ವಡೆ ಕರಿದು ಕೊಡಿ.

ನ್ಯೂಜೆರ್ಸಿ ಅಮ್ಮ

😀 ಅದೂ ಸರಿ. ಆದ್ರೆ ಪಕ್ಕದಲ್ಲಿ ಚಟ್ನಿ ಬಟ್ಟಲು ಬರೆಸಿ ಟೀಚರ್. ನಮ್ಮವನು ಚಟ್ನಿ ಗುರುತು ಹಿಡಿದ ಮೇಲೇ ‘ಓ, ವಡೆ!’ ಅಂದಿದ್ದು.

ಕಡಲತಡಿ

‘ಷ’ಗೆ ಎಲ್ಲ ಚಾರ್ಟಲ್ಲೂ ಷಟ್ಕೋನ ಇರ್ತದೆ. ಮೂರು ವರ್ಷದ ಮಗುವಿಗೆ ಆರು ಮೂಲೆ ಎಣಿಸಲು ಬರ್ತದಾ? ಅದಕ್ಕಿಂತ ‘ವೇಷ’ ಹಾಕಿ ಮಾರಾಯ್ರೆ. ಹುಲಿವೇಷದವನ ಚಿತ್ರ, ಮೈಗೆಲ್ಲ ಹಳದಿ ಕಪ್ಪು ಪಟ್ಟೆ. ನಮ್ಮ ಉಡುಪಿ ಕಡೆ ಅಷ್ಟಮಿಗೆ, ಮಂಗಳೂರಲ್ಲಿ ನವರಾತ್ರಿಗೆ ಬೀದಿ ತುಂಬ ಅದೇ. ‘ಯ’ಗೆ ಯಕ್ಷಗಾನ ಹಾಕಿದ್ರಂತೂ ನಮ್ಮ ಮಕ್ಕಳು ಕುಣಿದೇ ತೋರಿಸ್ತಾರೆ.

ಶಿಶುವಿಹಾರದ ಟೀಚರ್

ಇವತ್ತು ಎರಡೂ ಚಿತ್ರ ಮೊಬೈಲಲ್ಲಿ ತೋರಿಸಿದೆ ಸರ್. ಯಕ್ಷಗಾನದ ಕಿರೀಟ ನೋಡಿ ‘ರಾಕ್ಷಸ’ ಅಂದ್ರು, ಒಬ್ಬಳು ಅಳೋಕೇ ಶುರು ಮಾಡಿದ್ಲು. ಹುಲಿವೇಷಕ್ಕೆ ‘ಹುಲಿ ಮಾಮ’. ನಿಮ್ಮ ಊರಿಗೆ ಖಂಡಿತ ಒಪ್ಪುತ್ತೆ, ನಮ್ಮಲ್ಲಿ ಆಗಲ್ಲ.

‘ಷ’ಗೆ ನನಗೆ ಇನ್ನೊಂದು ಹೊಳೀತು. ‘ಔ’ಗೆ ಹೇಗೂ ಔಷಧ ಹಾಕ್ತೀವಿ, ಅದರ ಮಧ್ಯದಲ್ಲೇ ಷ ಇದೆಯಲ್ಲ? ಮೇಲಿನ ಶೀಟಲ್ಲಿ ಔ ಕೆಂಪು, ಕೆಳಗಿನ ಶೀಟಲ್ಲಿ ಅದೇ ಬಾಟಲಿ, ಷ ಕೆಂಪು. ಚಿತ್ರಕ್ಕೆ ಹನ್ನೊಂದು ಮಕ್ಕಳು ‘ಔಷ್ದಿ’ ಅಂದ್ರು, ಉಳಿದವರು ‘ಟಾನಿಕ್’. ಬಾಟಲಿ ಜೊತೆ ಚಮಚ ಹಿಡಿದ ಅಮ್ಮ, ಬಾಯಿ ಮುಚ್ಕೊಂಡ ಮಗು ಇದ್ರೆ ಇನ್ನೂ ಜಾಸ್ತಿ ಮಕ್ಕಳು ಹೇಳ್ತಾರೆ ಅನ್ನಿಸುತ್ತೆ.

ಡಿಟಿಪಿ ಅಂಗಡಿ

ಒಂದೇ ಚಿತ್ರ ಎರಡು ಕಡೆ ಅಂದ್ರೆ ನನಗೂ ಒಂದು ಚಿತ್ರದ ಕೆಲಸ ಕಡಿಮೆ. ‘ಐ’ಗೆ ಏನು ಮಾಡಿದ್ರಿ? ನನ್ನ ಮಗಳಿಗೆ ಐರಾವತ ಅಂದ್ರೆ ಕೆಎಸ್‌ಆರ್‌ಟಿಸಿ ಬಸ್ಸು. ಅದನ್ನೇ ಹಾಕಿಬಿಡಿ.

ಶಿಶುವಿಹಾರದ ಟೀಚರ್

ನಮ್ಮೂರಿಗೆ ಕೆಂಪು ಬಸ್ಸೇ ದಿನಕ್ಕೆ ಎರಡು ಸಲ ಬರೋದು 😀 ‘ಐದು’ ಇಟ್ಕೊಂಡಿದ್ದೀನಿ. ಕೈ ಬೆರಳು ಬರೆಸಿದ್ರೆ ‘ಕೈ’ ಅಂತಾರೆ, ಕೇಳಿ ನೋಡಿದೆ. ಐದು ಲಡ್ಡು ಸಾಲಾಗಿ ಇಟ್ಟು ಮೇಲೆ ದೊಡ್ಡದಾಗಿ ೫ ಬರೆಸಿದ್ರೆ ಎಣಿಸೋಕೆ ಶುರು ಮಾಡ್ತಾರೆ, ಕೊನೆಗೆ ‘ಐದು’ ಬರುತ್ತೆ. ಒಬ್ಬ ಮಾತ್ರ ನಾಲ್ಕಕ್ಕೇ ನಿಲ್ಲಿಸಿದ.

ಈಗ ‘ಅಂ’. ಅಂಗಡಿನಾ ಅಂಗಿನಾ?

ಹಳೇ ಮೇಷ್ಟ್ರು

ಯಾವುದಾದರೂ ಸರಿ, ಚಿತ್ರ ಸುಲಭ ಎಂದು ನಾನಾದರೆ ಅಂಗಿ ಹಾಕುತ್ತೇನೆ. ಆದರೆ ಒಂದು ಸೂಕ್ಷ್ಮ ಗಮನಿಸಿ. ತರಗತಿಯಲ್ಲಿ ನಾವು ‘ಅಂ’ ಹೇಳಿಕೊಡುವಾಗ ತುಟಿ ಮುಚ್ಚಿ ‘ಅಮ್’ ಅನ್ನುತ್ತೇವೆ. ಅಂಗಿ ಅಂದು ನೋಡಿ, ತುಟಿ ಮುಚ್ಚುವುದೇ ಇಲ್ಲ, ನಾಲಿಗೆಯ ಹಿಂಭಾಗ ಮೇಲೆ ಹೋಗಿ ಅಂಗುಳಕ್ಕೆ ತಾಗುತ್ತದೆ. ಅಂಚೆ ಅಂದರೆ ನಾಲಿಗೆ ಇನ್ನೊಂದು ಕಡೆ ತಾಗುತ್ತದೆ. ಅಂಬಾರಿ ಅಂದರೆ ಮಾತ್ರ ತುಟಿ ಮುಚ್ಚುತ್ತದೆ. ಸೊನ್ನೆ ಒಂದೇ, ಮುಂದಿನ ಅಕ್ಷರ ನೋಡಿಕೊಂಡು ದನಿ ಬದಲಾಯಿಸುತ್ತದೆ.

ನೀವು ಮೊದಲೇ ಕೇಳಿದ ಙ, ಞ ಅಡಗಿ ಕೂತಿರುವುದು ಇಲ್ಲೇ. ಅಂಗಿಯಲ್ಲಿ ಕೇಳಿಸುವುದು ಙ, ಅಂಚೆಯಲ್ಲಿ ಕೇಳಿಸುವುದು ಞ. ದನಿ ಇದೆ, ಬರೆಯುವಾಗ ಸೊನ್ನೆ ಹಾಕುತ್ತೇವೆ. ಹಾಗಾಗಿ ಈ ಎರಡಕ್ಕೆ ಚಿತ್ರ ಹುಡುಕಬೇಡಿ, ಬರೀ ಅಕ್ಷರ ಬರೆಸಿ ಬಿಡಿ. ಕೆಲವರು ‘ಞ’ಗೆ ಯಜ್ಞ ಹಾಕುತ್ತಾರೆ, ಅಲ್ಲಿರುವುದು ಒತ್ತು, ಪೂರ್ತಿ ಅಕ್ಷರವಲ್ಲ. ಮಗು ಹೋಮದ ಬೆಂಕಿ ನೋಡಿ ‘ಬೆಂಕಿ’ ಅನ್ನುತ್ತದೆ, ಅಲ್ಲಿಗೆ ಮುಗಿಯಿತು.

ಬರಹ ಸುಲಭ

ಅಂಬಾರಿ ಹಾಕಿದ್ರೆ ‘ಅಮ್’ ಸರಿಯಾಗಿ ಬರುತ್ತಲ್ಲ ಹಾಗಾದ್ರೆ?

ಹಳೇ ಮೇಷ್ಟ್ರು

ಬರುತ್ತದೆ. ಆದರೆ ದಸರಾ ಅಂಬಾರಿಯ ಚಿತ್ರದಲ್ಲಿ ಕೆಳಗೆ ಆನೆ ನಿಂತಿರುತ್ತದಲ್ಲ, ಮಗು ಯಾವುದನ್ನು ಹೇಳುತ್ತದೆ?

ಬರಹ ಸುಲಭ

ಆನೆ. ಸೋತೆ.

ಕಡಲತಡಿ

ಟೀಚರ್, ‘ಎ’ಗೆ ಎಲೆ, ‘ಒ’ಗೆ ಒಂಟೆ ಪಾಸು ಅಂತೀರಿ. ನಿಮ್ಮ ಕಡೆಯವರು ‘ಯೆಲೆ’, ‘ವಂಟೆ’ ಅಂತಾರಲ್ಲ? ನಾನು ಬೆಂಗಳೂರಲ್ಲಿದ್ದಾಗ ಕೇಳಿದ್ದೇನೆ. ‘ಹ’ ಅಂತೂ ಕೇಳುವುದೇ ಬೇಡ, ಹಸು ‘ಅಸು’ ಆಗ್ತದೆ.

ಶಿಶುವಿಹಾರದ ಟೀಚರ್

ನಿಜ ಸರ್, ಒಪ್ಕೊಳ್ತೀನಿ. ಹೋದ ವರ್ಷ ಯುಕೆಜಿಯ ಹುಡುಗ ಸ್ಲೇಟ್ ಮೇಲೆ ‘ವಂಟೆ’ ಅಂತ ಬರೆದಿದ್ದ, ಅವನ ಕಿವಿಗೆ ಕೇಳಿದ್ದನ್ನೇ ಬರೆದಿದ್ದ ಪಾಪ. ತಪ್ಪು ಅನ್ನೋಕೆ ನನಗೇ ಸಂಕಟ ಆಯ್ತು. ಇದಕ್ಕೆ ಪದ ಬದಲಾಯಿಸಿ ಪ್ರಯೋಜನ ಇಲ್ಲ. ಎಲೆ, ಎಮ್ಮೆ, ಎತ್ತು ಯಾವುದು ಹಾಕಿದ್ರೂ ಮೊದಲು ‘ಯ್’ ಸೇರ್ಕೊಳ್ಳುತ್ತೆ. ನಾನು ಹೇಳುವಾಗ ಎಚ್ಚರಿಕೆಯಿಂದ ‘ಎಲೆ’ ಅಂತೀನಿ, ಅಷ್ಟೇ ನನ್ನ ಕೈಲಿರೋದು. ‘ಹ’ಗೆ ಹಸು ತೆಗೆದುಹಾಕಿದೆ, ಯಾಕಂದ್ರೆ ‘ದ’ಗೆ ದನ ಇದೆ, ಎರಡೂ ಚಿತ್ರ ಒಂದೇ ಥರ. ‘ಹಲಸು’ ಹಾಕಿದ್ದೀನಿ, ಮುಳ್ಳು ನೋಡಿದ್ರೆ ಎಲ್ಲರಿಗೂ ಗೊತ್ತಾಗುತ್ತೆ. ‘ಅಲಸಿನಣ್ಣು’ ಅಂದ್ರು ಹತ್ತು ಜನ. ಅದು ಬೇರೆ ಪಾಠ.

ಧಾರವಾಡ ಫೇಡೆ

ನಮಗ ದನ ನಡಿಯಂಗಿಲ್ಲ ನೋಡ್ರಿ, ಚಿತ್ರದಾಗ ಒಂದ ಇದ್ರ ಅದು ‘ಆಕಳ’. ಹುಡುಗ್ರು ‘ಆ’ ಅಂತಾವ.

ಹಳೇ ಮೇಷ್ಟ್ರು

ಮಾತು ಎಲ್ಲೆಲ್ಲೋ ಹೋಯಿತು, ನನ್ನದೊಂದು ಆಸೆ ಹೇಳಿ ಮುಗಿಸುತ್ತೇನೆ. ನಲಿ-ಕಲಿ ಎಂಬ ಕಲಿಕಾ ಪದ್ಧತಿ 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದಾಗಿನ ಕಥೆ ಬಲ್ಲವರಿಗೆ ಗೊತ್ತು, ಅಲ್ಲಿ ಅಕ್ಷರವನ್ನು ಅ ಆ ಇ ಈ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ ಕಲಿತ ಮಗು ಆ ವಾರವೇ ‘ಸರ’ ಓದುತ್ತದೆ, ‘ಅರಸ’ ಓದುತ್ತದೆ, ‘ಗರಗಸ’ ಓದುತ್ತದೆ. ನನ್ನ ತರಗತಿಯಲ್ಲಿ ಒಬ್ಬ ಬಡಗಿಯ ಮಗ ‘ಗರಗಸ’ ಓದಿ ‘ಇದು ನಮ್ಮನೇಲಿದೆ ಸಾ’ ಎಂದು ಎದ್ದು ನಿಂತಿದ್ದ.

ನಿಮ್ಮ ಚಾರ್ಟು ವರ್ಣಮಾಲೆ ಕ್ರಮದಲ್ಲೇ ಇರಲಿ, ಅದು ಬೇರೆ ಕೆಲಸಕ್ಕೆ ಬೇಕು. ಆದರೆ ಈ ಐದು ಅಕ್ಷರಕ್ಕಾದರೂ ಇದೇ ಅಕ್ಷರಗಳಿಂದ ಆದ ಪದ ಹಾಕಿ. ‘ಗ’ಗೆ ಗರಗಸ, ‘ಸ’ಗೆ ಸರ. ಎಲ್‌ಕೆಜಿಯಲ್ಲಿ ಚಿತ್ರ ನೋಡಿ ಹೇಳಿದ ಪದವನ್ನು ಒಂದನೇ ತರಗತಿಯಲ್ಲಿ ಅಕ್ಷರ ಕೂಡಿಸಿ ಓದಬಹುದು. ಅದಕ್ಕೇ ‘ಅರಸ’ನನ್ನು ನೀವು ಹೊಡೆದುಹಾಕಿದ್ದು ನನಗೆ ಸ್ವಲ್ಪ ನೋವು.

ಶಿಶುವಿಹಾರದ ಟೀಚರ್

ಮೇಷ್ಟ್ರೇ, ನೀವು ಹೇಳಿದ ಮೇಲೆ ಗರಗಸ, ಸರ ಎರಡೂ ಕೇಳಿ ನೋಡಿದೆ. ಸರ ಎಲ್ಲರೂ ಹೇಳಿದ್ರು. ಗರಗಸ ಒಂಬತ್ತು ಜನ. ಉಳಿದವರಿಗೆ ಗೊತ್ತಿರಲಿಲ್ಲ, ಆದ್ರೆ ಬೇರೆ ಹೆಸರೂ ಹೇಳಲಿಲ್ಲ, ಅದೇ ಸಮಾಧಾನ. ಗೊತ್ತಿಲ್ಲದ್ದನ್ನ ಕಲಿಸಬಹುದು. ರಾಜ ಅಂತ ಗೊತ್ತಿರೋರಿಗೆ ಅರಸ ಅಂತ ಹೇಳಿಸೋದು ಕಷ್ಟ. ‘ಅ’ಗೆ ಅಜ್ಜಿನೇ ಇರ್ಲಿ ಬಿಡಿ. ಒತ್ತು ಇದೆ ನಿಜ, ಆದ್ರೆ ಅದು ‘ಅ’ ಮೇಲಲ್ಲವಲ್ಲ. ಬೇಕಾದ್ರೆ ಬೈಯಿರಿ.

ಹಳೇ ಮೇಷ್ಟ್ರು

ಅಜ್ಜಿಯ ಪಕ್ಕ ಋಷಿ ಬಂದರೆ ‘ಅಜ್ಜ’ ಗಟ್ಟಿಯಾಗಿಬಿಡುತ್ತದೆ, ನೋಡಿಕೊಳ್ಳಿ.

ಶಿಶುವಿಹಾರದ ಟೀಚರ್

ಅಯ್ಯೋ ಹೌದು! ಋಷಿಗೆ ಬೇರೆ ದಾರಿ ಇಲ್ಲ, ಋತು ಅಂತ ಏನು ಚಿತ್ರ ಬರೆಸೋದು? ಜಟೆ, ಕಮಂಡಲ, ಮರದ ಕೆಳಗೆ ಕೂತಿರೋ ಥರ ಬರೆಸ್ತೀನಿ, ಉಳಿದದ್ದು ಕಥೆ ಹೇಳಿ ಕಲಿಸ್ಬೇಕು. ಅಃ-ಗೆ ದುಃಖ, ಅಳೋ ಮಗು. ಅದಕ್ಕೂ ‘ಅಳ್ತಿದೆ’ ಅಂತಾರೆ, ಗೊತ್ತು. ಅದಕ್ಕೂ ಬೇರೆ ದಾರಿ ಕಾಣಲ್ಲ.

ಮಹಾಪ್ರಾಣದಲ್ಲಿ ಇಲ್ಲಿವರೆಗೆ ಆಗಿದ್ದು: ಛತ್ರಿ, ರಥದಲ್ಲಿ ಥ (ನಮ್ಮಲ್ಲಿ ಎಲ್ಲರೂ ತೇರು ಅಂತಾರೆ, ಆದ್ರೂ ಹಾಕಿದ್ದೀನಿ), ಉಪ್ಪಿನಕಾಯಿ ಭರಣಿ, ಧನುಸ್ಸು, ಖರ್ಜೂರ. ‘ಘ’ಗೆ ಘಂಟೆ ಹಾಕೋಣ ಅಂದ್ರೆ ಪುಸ್ತಕದಲ್ಲೆಲ್ಲ ‘ಗಂಟೆ’ ಅಂತಿದೆ, ನಾಳೆ ಮಗು ಯಾವುದು ಸರಿ ಅಂತ ಕೇಳಿದ್ರೆ?

ಕಡಲತಡಿ

‘ಘಟ’ ಹಾಕಿ. ಸಂಗೀತ ಕಛೇರಿಯಲ್ಲಿ ಬಾರಿಸ್ತಾರಲ್ಲ. ಎರಡೇ ಅಕ್ಷರ.

ಧಾರವಾಡ ಫೇಡೆ

ಹುಡುಗ್ರು ಗಡಿಗಿ ಅಂತಾವ.

ಡಿಟಿಪಿ ಅಂಗಡಿ

ಬಾರಿಸೋ ಕೈ ಬರೆಸಿದ್ರೆ? ಆಗ ‘ಡೋಲು’ ಅಂತಾವೆ ಅನ್ಸುತ್ತೆ. ಟೀಚರ್, ನಾಳೆ ಗುರುವಾರ. ಝ, ಠ, ಢ, ಫ ಇನ್ನೂ ಬಂದಿಲ್ಲ. ಚೌಕ ಖಾಲಿ ಬಿಡ್ಲಾ?

ಶಿಶುವಿಹಾರದ ಟೀಚರ್

ಘಟ, ಕೈ ಸಮೇತ. ‘ಝ’ಗೆ ಝರಿ, ಅದಕ್ಕೆ ‘ನೀರು’ ಅಂತಾರೆ ಅಂತ ಗೊತ್ತಿದ್ದೇ ಹಾಕ್ತಿದ್ದೀನಿ. ಢ, ಫ ಎರಡಕ್ಕೆ ನಾಳೆ ಬೆಳಿಗ್ಗೆ ಹೇಳ್ತೀನಿ. ‘ಠ’ ಖಾಲಿ ಬಿಡಿ, ಅಕ್ಷರ ಮಾತ್ರ ಇರ್ಲಿ. ಮೂಲೆಯಲ್ಲಿ ಚಿತ್ರ ಅಂಟಿಸೋಷ್ಟು ಜಾಗ ಬಿಟ್ಟಿರಿ.

ಅವಳಿ ಮಕ್ಕಳ ಅಮ್ಮ

ಝರಿ ಚೆನ್ನಾಗಿದೆ. ಇಟ್ಟುಬಿಡ್ತೀವಿ, ಥ್ಯಾಂಕ್ಸ್!